‘ಒ’ ಹೋಗಿ ‘ಗ’ ಬರುವುದು ಯಾವಾಗ?

“ಮೇಡಂ, ನಾನು ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಕೆಲಸ ಮಾಡುತ್ತಾ ಜಪಾನಿ ಭಾಷೆಯ ಎನ್4 ಪರೀಕ್ಷೆಗೆ ಓದುತ್ತಿದ್ದೇನೆ. ‘ಜಪಾನಿ ಮಾತಾಡಬಲ್ಲೆ’ ಎನ್ನಲು ‘ನಿಹೊಂಗೊ ಒ ಹನಸೆಮಸು’ ಅಂತ ಬರೆದಿದ್ದಕ್ಕೆ ಟೀಚರ್ ‘ಒ’ ಹೊಡೆದು ‘ಗ’ ಹಾಕಿದರು. ಆದರೆ ಟೋಕಿಯೊ ತಂಡದವರ ಮೇಲ್‌ಗಳಲ್ಲಿ ‘ಒ ... ದೆಕಿಮಸು’ ಅಂತಲೇ ಇರುತ್ತದೆ. ಯಾವುದು ಸರಿ? ‘ಮಾಡಬಲ್ಲೆ’ ಎಂಬ ಅರ್ಥ ಬರಲು ಯಾವ ಕ್ರಿಯಾಪದಕ್ಕೆ ‘ಎರು’, ಯಾವುದಕ್ಕೆ ‘ರರೆರು’ ಎಂಬುದೂ ಪ್ರತಿಸಲ ತಪ್ಪುತ್ತದೆ.”

ನಿಮ್ಮ ಟೀಚರೂ ಸರಿ, ಟೋಕಿಯೊದವರೂ ಸರಿ. ಪರೀಕ್ಷೆಯಲ್ಲಿ ‘ಗ’ ಬರೆಯಿರಿ. ಆದರೆ ಅಷ್ಟಕ್ಕೇ ನಿಲ್ಲಿಸಿದರೆ ಆ ಮೇಲ್‌ಗಳು ನಿಮಗೆ ತಪ್ಪಾಗಿಯೇ ಕಾಣುತ್ತಿರುತ್ತವೆ. ನೀವು ಎರಡು ಬೇರೆ ಸಂಗತಿ ಎಂದುಕೊಂಡಿರುವ ‘ಎರು’, ‘ರರೆರು’ ಎಂಬ ರೂಪ ಮತ್ತು ‘ಒ’, ‘ಗ’ ಎಂಬ ಪ್ರತ್ಯಯ ಒಂದನ್ನೊಂದು ಹಿಡಿದುಕೊಂಡೇ ಇವೆ. ರೂಪ ಸುಲಭ, ಅದನ್ನು ಮೊದಲು ಮುಗಿಸೋಣ.

ಕ್ರಿಯಾಪದ ಯಾವ ಗುಂಪಿನದು ಎಂದು ತಿಳಿಯಲು ಕೊನೆಯ ಅಕ್ಷರ ನೋಡಬೇಡಿ, ಅದರ ನಿಷೇಧ ರೂಪ ಕೇಳಿ. ‘ನೈ’ ಮುಂಚೆ ಅಕಾರ ಬಂದರೆ ಅದು ಒಂದನೆಯ ಗುಂಪು: ಯೊಮು (ಓದು), ಯೊಮನೈ. ಇಕಾರ ಅಥವಾ ಎಕಾರ ಬಂದರೆ ಎರಡನೆಯದು: ತಬೆರು (ತಿನ್ನು), ತಬೆನೈ, ಮಿರು (ನೋಡು), ಮಿನೈ. ಸುರು (ಮಾಡು), ಕುರು (ಬರು) ಇವೆರಡೇ ಮೂರನೆಯ ಗುಂಪು.

ಒಂದನೆಯ ಗುಂಪಿನಲ್ಲಿ ನಮ್ಮ ಕಾಗುಣಿತವೇ ಕೆಲಸ ಮಾಡುತ್ತದೆ. ಕೊನೆಯ ಅಕ್ಷರದ ಉಕಾರವನ್ನು ಎಕಾರ ಮಾಡಿ ‘ರು’ ಸೇರಿಸಿದರೆ ಆಯಿತು. ಕಕು (ಬರೆ) ಕಕೆರು ಆಗುತ್ತದೆ, ಒಯೊಗು (ಈಜು) ಒಯೊಗೆರು, ಹನಸು (ಮಾತಾಡು) ಹನಸೆರು, ಅಸೊಬು (ಆಡು) ಅಸೊಬೆರು, ಯೊಮು ಯೊಮೆರು. ಜಪಾನಿನ ಅಕ್ಷರಮಾಲೆಯನ್ನು ಅ ಇ ಉ ಎ ಒ ಎಂದು, ಅ ಕ ಸ ತ ನ ಎಂದು ಜೋಡಿಸಿರುವುದರ ಹಿಂದೆ ಬೌದ್ಧ ಭಿಕ್ಷುಗಳು ಸಂಸ್ಕೃತ ಮಂತ್ರಗಳಿಗಾಗಿ ಕಲಿತ ಸಿದ್ಧಂ ಲಿಪಿಯ ಕ್ರಮವಿದೆ. ಹಾಗಾಗಿ ಈ ಕೋಷ್ಟಕ ನಮಗೆ ಅಷ್ಟೇನೂ ಅಪರಿಚಿತವಲ್ಲ. ಎಡವುವುದು ಎರಡು ಕಡೆ. ‘ತ್ಸು’ ಅನ್ನುವುದು ತ ಸಾಲಿನ ಅಕ್ಷರ, ಆದ್ದರಿಂದ ಮತ್ಸು (ಕಾಯು) ಆಗುವುದು ‘ಮತೆರು’, ‘ಮತ್ಸೆರು’ ಅಲ್ಲ. ಇನ್ನೊಂದು, ಕಉ (ಕೊಳ್ಳು) ಎಂಬಂತೆ ಬರಿಯ ಉಕಾರದಲ್ಲಿ ಮುಗಿಯುವವು. ಇವುಗಳ ನಿಷೇಧದಲ್ಲಿ ‘ವ’ ಬರುತ್ತದೆ, ಕವನೈ. ಅದನ್ನು ನೋಡಿ ನಾನು ಕಲಿಯುವ ಕಾಲದಲ್ಲಿ ಒಂದು ಇಡೀ ನೋಟ್‌ಬುಕ್ಕಿನಲ್ಲಿ ‘ಕವೆರು’ ಎಂದು ಬರೆದು ತುಂಬಿಸಿದ್ದೆ. ಸರಿಯಾದದ್ದು ಕಎರು.

ಎರಡನೆಯ ಗುಂಪಿನಲ್ಲಿ ಕೊನೆಯ ‘ರು’ ತೆಗೆದು ‘ರರೆರು’ ಹಾಕಬೇಕು: ತಬೆರರೆರು, ಮಿರರೆರು. ಮೂರನೆಯದರಲ್ಲಿ ಕುರು ‘ಕೊರರೆರು’ ಆಗುತ್ತದೆ, ಸುರು ತನ್ನ ರೂಪವನ್ನೇ ಬಿಟ್ಟುಕೊಟ್ಟು ‘ದೆಕಿರು’ ಎಂಬ ಬೇರೆಯದೇ ಪದವನ್ನು ಕರೆತರುತ್ತದೆ.

ನಿಷೇಧ ರೂಪ ಕೇಳಿ ಎಂದೆನಲ್ಲ, ಅದು ಯಾಕೆ ಬೇಕು ಎಂದರೆ ‘ಕಿರು’ ಅನ್ನುವಂಥ ಪದಗಳಿಗಾಗಿ. ಕತ್ತರಿಸು ಎಂಬ ಕಿರು ಒಂದನೆಯ ಗುಂಪು, ಕಿರನೈ, ಆದ್ದರಿಂದ ಕಿರೆರು. ತೊಡು ಎಂಬ ಕಿರು ಎರಡನೆಯದು, ಕಿನೈ, ಆದ್ದರಿಂದ ಕಿರರೆರು. ಹಶಿರು (ಓಡು), ಹೈರು (ಒಳಹೋಗು), ಕಎರು (ಮರಳು) ಇವೂ ನೋಡಲು ಎರಡನೆಯ ಗುಂಪಿನ ಹಾಗಿದ್ದು ಒಂದನೆಯದಕ್ಕೆ ಸೇರಿದವು. ಇವು ಹಶಿರೆರು, ಹೈರೆರು, ಕಎರೆರು ಆಗುತ್ತವೆ.

ಗುಂಪು ಯಾವುದೇ ಇರಲಿ, ಒಮ್ಮೆ ಈ ರೂಪ ಬಂದ ಮೇಲೆ ಹುಟ್ಟಿದ ಪದ ಎರಡನೆಯ ಗುಂಪಿನ ಕ್ರಿಯಾಪದವಾಗಿಬಿಡುತ್ತದೆ. ಯೊಮೆರು, ಯೊಮೆಮಸು, ಯೊಮೆನೈ, ಯೊಮೆತ. ‘ಯೊಮೆರನೈ’ ಎಂದರೆ ತಪ್ಪು. ಯೊಮೆರು ಆಗಲೇ ‘ಓದಬಲ್ಲೆ’ ಎಂದು ಹೇಳಿ ಮುಗಿಸಿದೆ, ಅದಕ್ಕೆ ಮತ್ತೆ ‘ರರೆರು’ ಅಂಟಿಸಬಾರದು. ಇಂಥ ತಪ್ಪನ್ನು ಜಪಾನಿನವರೂ ಮಾಡುತ್ತಾರೆ. ‘ಇಕೆರು’ (ಹೋಗಬಲ್ಲೆ) ಸಾಲದೆಂದು ‘ಇಕೆರೆರು’ ಅನ್ನುವವರಿದ್ದಾರೆ. ಅದಕ್ಕೆ ‘ರೆ-ತಸು’, ಅಂದರೆ ‘ರೆ ಸೇರಿಸುವುದು’ ಎಂಬ ಅಡ್ಡಹೆಸರೂ ಇದೆ.

ಇದಕ್ಕಿಂತ ದೊಡ್ಡ ಜಗಳ ‘ರ-ನುಕಿ’ಯದು, ಅಂದರೆ ‘ರ’ ಬಿಡುವುದು. ನಿಮ್ಮ ಟೋಕಿಯೊ ಸಹೋದ್ಯೋಗಿಗಳು ಮಾತಿನಲ್ಲಿ ತಬೆರರೆರು ಬದಲು ತಬೆರೆರು, ಮಿರರೆರು ಬದಲು ಮಿರೆರು, ಕೊರರೆರು ಬದಲು ಕೊರೆರು ಅನ್ನುವುದನ್ನು ನೀವು ಕೇಳಿರುತ್ತೀರಿ. ಜಪಾನಿನ ರಾಷ್ಟ್ರೀಯ ಭಾಷಾ ಮಂಡಳಿ 1995ರಲ್ಲಿ, ಔಪಚಾರಿಕ ಸಂದರ್ಭಗಳಲ್ಲಿ ಇದನ್ನು ಸದ್ಯಕ್ಕೆ ಒಪ್ಪಲಾಗದು ಎಂದಿತ್ತು. ಸಂಸ್ಕೃತಿ ಇಲಾಖೆಯ 2015ರ ಸಮೀಕ್ಷೆಯಲ್ಲಿ ‘ನೋಡಲು ಸಿಕ್ಕಿತು’ ಎನ್ನಲು ‘ಮಿರೆತ’ ಬಳಸುತ್ತೇವೆ ಎಂದವರು ಶೇ. 48.4, ‘ಮಿರರೆತ’ ಎಂದವರು ಶೇ. 44.6. ತಪ್ಪು ಎಂದು ತಿದ್ದಿಸಿಕೊಂಡ ರೂಪವೇ ಮುಂದೆ ಹೋಗಿತ್ತು. ಅದರಲ್ಲಿ ಒಂದು ತರ್ಕವೂ ಇದೆ. ಯೊಮು ಪದದ ಕರ್ಮಣಿ ರೂಪ ಯೊಮರೆರು. ಅದರೊಳಗಿನ ‘ಅರ್’ ಕಳೆದರೆ ಯೊಮೆರು ಉಳಿಯುತ್ತದೆ. ತಬೆರರೆರು ಒಳಗಿನ ಅದೇ ‘ಅರ್’ ಕಳೆದರೆ ತಬೆರೆರು. ಅಂದರೆ ಮಾತಾಡುವವರು ಎರಡನೆಯ ಗುಂಪನ್ನೂ ಒಂದನೆಯದರ ಅಚ್ಚಿಗೆ ಹಾಕುತ್ತಿದ್ದಾರೆ. ನನ್ನ ಮಟ್ಟಿಗೆ ಇದು ಸೋಮಾರಿತನವಲ್ಲ, ಜಾಣತನ. ಆದರೆ ನಿಮ್ಮ ಪರೀಕ್ಷೆಯ ಉತ್ತರಪತ್ರಿಕೆಗೆ ನನ್ನ ಅಭಿಪ್ರಾಯ ಬೇಕಿಲ್ಲ. ಅಲ್ಲಿ, ಮೇಲ್‌ನಲ್ಲಿ ಕೂಡ, ‘ರರೆರು’ ಎಂದೇ ಬರೆಯಿರಿ.

ಈಗ ಪ್ರತ್ಯಯಕ್ಕೆ ಬರುವ ಮುಂಚೆ ಈ ಮೂರು ವಾಕ್ಯ ನೋಡಿ.

ಇಎ ನಿ ಕಎರು.
ಕುತ್ಸು ಗ ಕಎರು.
ಕುತ್ಸು ಒ ಕಎರು.

ಮೂರರಲ್ಲೂ ಕ್ರಿಯಾಪದ ಕಿವಿಗೆ ಹೆಚ್ಚುಕಡಿಮೆ ಒಂದೇ. ಮೊದಲನೆಯದು ‘ಮನೆಗೆ ಮರಳು’. ಎರಡನೆಯದು ಕಉ ಇಂದ ಬಂದದ್ದು, ‘ಶೂ ಕೊಳ್ಳಲು ಆಗುತ್ತದೆ’. ಮೂರನೆಯದನ್ನು ಸಾಮಾನ್ಯವಾಗಿ ‘ಶೂ ಬದಲಾಯಿಸು’ ಎಂದೇ ತೆಗೆದುಕೊಳ್ಳುತ್ತಾರೆ, ಏಕೆಂದರೆ ಬದಲಾಯಿಸು ಎಂಬ ಎರಡನೆಯ ಗುಂಪಿನ ಕಎರು ಬೇರೆಯೇ ಇದೆ. ಓದುವವರಿಗೆ ದಾರಿ ತೋರಿಸಿದ್ದು ನಡುವಿನ ಆ ಒಂದಕ್ಷರದ ಪ್ರತ್ಯಯ. ನಿಮ್ಮ ಟೀಚರ್ ಅದನ್ನು ಕೆಂಪು ಶಾಯಿಯಲ್ಲಿ ತಿದ್ದಿದ್ದು ಸುಮ್ಮನೆ ಅಲ್ಲ.

ನಮ್ಮ ‘ಅನ್ನು’ ಹಾಗೆ ಕರ್ಮಕ್ಕೆ ಬರುವ ‘ಒ’ ಯಾಕೆ ‘ಗ’ ಆಗುತ್ತದೆ ಎಂಬುದನ್ನು ಇಂಗ್ಲಿಷ್ ಮೂಲಕ ಕಲಿಯುವವರಿಗೆ ಒಂದು ವಿಚಿತ್ರ ನಿಯಮವಾಗಿ ಉರು ಹೊಡೆಸುತ್ತಾರೆ. ಕನ್ನಡದವರಿಗೆ ಅದರ ಅಗತ್ಯವಿಲ್ಲ. ‘ಇದು ನನಗೆ ಬರುತ್ತೆ’ ಎಂದು ಹೇಳಿ ನೋಡಿ. ಈಜಿನ ಬಗ್ಗೆ ಇರಲಿ, ಲೆಕ್ಕದ ಬಗ್ಗೆ ಇರಲಿ, ನಾವು ‘ಇದನ್ನು ನನಗೆ ಬರುತ್ತೆ’ ಎಂದು ಹುಟ್ಟಿದಾಗಿನಿಂದ ಒಮ್ಮೆಯೂ ಹೇಳಿಲ್ಲ. ಬರುವುದು ‘ಇದು’, ಆದ್ದರಿಂದ ಅದಕ್ಕೆ ಪ್ರಥಮಾ ವಿಭಕ್ತಿ. ಬಲ್ಲವರಿಗೆ ಚತುರ್ಥಿ, ‘ನನಗೆ’. ‘ಲೆಕ್ಕ ಬರುತ್ತೆ’, ‘ಕನ್ನಡ ಬರುತ್ತೆ’ ಎಂಬಂಥ ವಾಕ್ಯಗಳಲ್ಲಿ ನಾವು ‘ಅನ್ನು’ ಬಿಟ್ಟು ಮಾತಾಡುವುದು ರೂಢಿಯಾದ್ದರಿಂದ ವ್ಯತ್ಯಾಸ ಕಾಣುವುದಿಲ್ಲ. ಅದಕ್ಕೇ ಯಾವಾಗಲೂ ‘ಇದು/ಇದನ್ನು’ ಇಟ್ಟು ಪರೀಕ್ಷಿಸಿ.

ಜಪಾನಿ ಭಾಷೆಯ ದೆಕಿರು ಕೂಡ ಇದೇ ಜಾತಿಯ ಪದ. ಅದರ ಹಳೆಯ ರೂಪ ‘ಇದೆಕು’, ಅಂದರೆ ಹೊರಕ್ಕೆ ಬರು, ಉಂಟಾಗು. ಇಂದಿಗೂ ಊಟ ತಯಾರಾಯಿತು, ಮುಖದ ಮೇಲೆ ಮೊಡವೆ ಎದ್ದಿತು, ಊರಲ್ಲಿ ಹೊಸ ಅಂಗಡಿ ಆಯಿತು ಎನ್ನಲು ದೆಕಿರು ಬಳಸುತ್ತಾರೆ. ‘ತೆನಿಸು ಗ ದೆಕಿರು’ ಎಂದರೆ ಪದಶಃ ‘ಟೆನಿಸ್ ಬರುತ್ತೆ’. ಎರಡು ದೂರದ ಭಾಷೆಗಳು ‘ಬರು’ ಎಂಬ ಒಂದೇ ಕ್ರಿಯೆಯಿಂದ ಬಲ್ಲುವಿಕೆಯನ್ನು ಹೇಳುವುದು ಕಂಡಾಗ ನನಗೆ ಈಗಲೂ ಖುಷಿಯಾಗುತ್ತದೆ. ಯೊಮೆರು, ಹನಸೆರು, ತಬೆರರೆರು ಕೂಡ ಈ ಮಟ್ಟಿಗೆ ದೆಕಿರು ಬಳಗದವೇ. ಅವು ಮಾಡುವ ಕೆಲಸವನ್ನು ಹೇಳುವುದಿಲ್ಲ, ಇರುವ ಸ್ಥಿತಿಯನ್ನು ಹೇಳುತ್ತವೆ. ಆ ಸ್ಥಿತಿ ಯಾವುದರ ಮೇಲೆ ನಿಂತಿದೆಯೋ ಅದಕ್ಕೆ ‘ಗ’. ಕಂಜಿ ಎಂಬ ಚೀನೀ ಮೂಲದ ಅಕ್ಷರಗಳನ್ನೇ ತೆಗೆದುಕೊಳ್ಳಿ.

ಕಂಜಿ ಒ ಯೊಮು. (ಕಂಜಿಯನ್ನು ಓದು.)
ಕಂಜಿ ಗ ಯೊಮೆರು. (ಕಂಜಿ ಓದಲು ಬರುತ್ತದೆ.)

ಬಲ್ಲವರಿಗೆ ‘ನಿ’ ಹಾಕಬಹುದು, ಸಾಮಾನ್ಯವಾಗಿ ‘ವ’ ಜೊತೆ ಸೇರಿಸಿ: ವತಶಿ ನಿ ವ ಕೊನೊ ಕಂಜಿ ಗ ಯೊಮೆನೈ, ‘ನನಗಂತೂ ಈ ಕಂಜಿ ಓದಲು ಬರದು’. ಇಲ್ಲೊಂದು ಬಿಗಿ ಇದೆ. ಬಲ್ಲವರಿಗೆ ‘ನಿ’ ಬಂದರೆ ವಸ್ತುವಿಗೆ ‘ಗ’ ಬೇಕೇ ಬೇಕು. ‘ವತಶಿ ನಿ ಕಂಜಿ ಒ ಯೊಮೆರು’ ಜಪಾನಿನವರ ಕಿವಿಗೆ ಕೆಟ್ಟದಾಗಿ ಕೇಳುತ್ತದೆ, ‘ಇದನ್ನು ನನಗೆ ಬರುತ್ತೆ’ ನಮಗೆ ಕೇಳುವ ಹಾಗೆಯೇ. ವಾಕ್ಯದಲ್ಲಿ ‘ಗ’ ಹಾಕಿಸಿಕೊಳ್ಳುವವರು ಒಬ್ಬರಾದರೂ ಇರಬೇಕು. ದಿನಬಳಕೆಯಲ್ಲಿ ‘ನಿ’ಗಿಂತ ‘ವತಶಿ ವ’ ಹೆಚ್ಚು. ‘ನನಗೆ’ ಎಂಬ ಕನ್ನಡದ ಅಭ್ಯಾಸದಿಂದ ಎಲ್ಲ ಕಡೆ ‘ನಿ’ ತುರುಕಬೇಡಿ.

ಹಾಗಾದರೆ ‘ಒ’ ಉಳಿಯುವುದು ಯಾವಾಗ? ಮತ್ತೆ ಕನ್ನಡಕ್ಕೇ ಹೋಗೋಣ. ‘ಇದನ್ನು ಎತ್ತೋಕೆ ನನಗೆ ಆಗಲ್ಲ.’ ಇಲ್ಲಿ ‘ನನಗೆ’ ಇದ್ದರೂ ‘ಇದನ್ನು’ ಎಂದೇ ಹೇಳಿದೆವು. ಏಕೆಂದರೆ ‘ಇದನ್ನು’ ಸೇರಿರುವುದು ‘ಎತ್ತೋಕೆ’ ಎಂಬುದಕ್ಕೆ. ‘ಇದನ್ನು ಎತ್ತುವುದು’ ಎಂಬ ಇಡೀ ಕೆಲಸ ‘ಆಗಲ್ಲ’. ಜಪಾನಿಯಲ್ಲಿ ಇದಕ್ಕೆ ಸರಿಸಮನಾದದ್ದು ‘ಕೊತೊ ಗ ದೆಕಿರು’. ‘ನಿಹೊಂಗೊ ಒ ಹನಸು ಕೊತೊ ಗ ದೆಕಿರು.’ ದೆಕಿರು ಕೇಳುವ ‘ಗ’ ಅನ್ನು ‘ಕೊತೊ’ ತೆಗೆದುಕೊಂಡಿತು. ಒಳಗಿನ ಹನಸು ಸಾಮಾನ್ಯ ಕ್ರಿಯಾಪದವಾಗಿಯೇ ಇದೆ, ಅದರ ಕರ್ಮಕ್ಕೆ ‘ಒ’. ‘ಗ’ ನಿಯಮ ಕಲಿತ ಉತ್ಸಾಹದಲ್ಲಿ ವಿದ್ಯಾರ್ಥಿಗಳು ‘ನಿಹೊಂಗೊ ಗ ಹನಸು ಕೊತೊ ಗ ದೆಕಿರು’ ಎಂದು ಎರಡು ಕಡೆಯೂ ಹಾಕುತ್ತಾರೆ. ಇದು ಖಂಡಿತ ತಪ್ಪು. ಪರೀಕ್ಷೆಗೆ ಓದುವವರಲ್ಲಿ ನಾನು ಅತಿ ಹೆಚ್ಚು ಸಲ ತಿದ್ದುವುದೂ ಇದನ್ನೇ.

ಕನ್ನಡದಲ್ಲಿ ಮೂರನೆಯ ದಾರಿಯೂ ಇದೆ: ‘ನಾನು ಇದನ್ನು ಎತ್ತಬಲ್ಲೆ.’ ಇಲ್ಲಿ ಯಜಮಾನ ‘ನಾನು’. ಬಲ್ಲೆ ಎಂಬುದು ಕ್ರಿಯೆಗೆ ಅಂಟಿಕೊಂಡಿದ್ದರೂ ಕರ್ಮ ಕರ್ಮವಾಗಿಯೇ ಇದೆ. ಜಪಾನಿನವರು ಹನಸೆರು, ಯೊಮೆರು ಜೊತೆ ‘ಒ’ ಹಾಕಿದಾಗ ಆಗುವುದು ಇದೇ. ಅವರ ಭಾಷೆಗೆ ಬರುತ್ತೆಗೂ ಬಲ್ಲೆಗೂ ಬೇರೆ ಬೇರೆ ಪದಗಳಿಲ್ಲ, ಒಂದೇ ರೂಪ. ಪ್ರತ್ಯಯ ಮಾತ್ರ ವಾಲುತ್ತದೆ. ವಸ್ತುವಿನ ಕಡೆಯಿಂದ ನೋಡಿದರೆ ‘ಗ’, ಮಾಡುವವನ ಕಡೆಯಿಂದ ನೋಡಿದರೆ ‘ಒ’.

ಎತ್ತ ವಾಲುತ್ತದೆ ಎಂಬುದಕ್ಕೆ ಕೆಲವು ಒಲವುಗಳಿವೆ, ಕಟ್ಟುನಿಟ್ಟಿನ ನಿಯಮವಿಲ್ಲ. ವಸ್ತುವೂ ಕ್ರಿಯಾಪದವೂ ಪಕ್ಕಪಕ್ಕ ಇದ್ದು ವಾಕ್ಯ ಚಿಕ್ಕದಾಗಿದ್ದರೆ ‘ಗ’ ಗೆಲ್ಲುತ್ತದೆ: ಪಿಅನೊ ಗ ಹಿಕೆರು (ಪಿಯಾನೊ ನುಡಿಸಲು ಬರುತ್ತದೆ). ನಡುವೆ ‘ಒಬ್ಬನೇ’, ‘ನಾಳೆಯೊಳಗೆ’, ‘ಯಾರ ಸಹಾಯವೂ ಇಲ್ಲದೆ’ ಎಂಬಂಥ ಮಾತುಗಳು ಸೇರಿ ಅಂತರ ಬೆಳೆದಂತೆ ‘ಒ’ ಸಹಜವಾಗುತ್ತದೆ. ಕರ್ಮಸ್ಥಾನದಲ್ಲಿ ಮನುಷ್ಯರಿದ್ದರೂ ‘ಒ’ ಕಡೆಗೆ ಒಲವು. ‘ತನಕ ಸನ್ ಗ ತಸುಕೆರರೆರು’ ಎಂದರೆ ತನಕ ಎಂಬ ಹೆಸರಿನವರು ಕಾಪಾಡಬಲ್ಲರೋ, ಅವರನ್ನೇ ಕಾಪಾಡಬಹುದೋ ತಿಳಿಯುವುದಿಲ್ಲ. ‘ಒ’ ಹಾಕಿದರೆ ಗೊಂದಲ ಹೋಯಿತು. ಯಾರು ಬಲ್ಲರು ಎಂಬುದಕ್ಕೇ ‘ಗ’ ಬಂದಿರುವ ವಾಕ್ಯದಲ್ಲೂ ಎರಡೆರಡು ‘ಗ’ ಬೇಡವೆಂದು ವಸ್ತುವಿಗೆ ‘ಒ’ ಹಾಕುವುದುಂಟು.

ನಿಮ್ಮ ಮೇಲ್‌ಗಳಲ್ಲಿ ಸಿಗುವುದು ಬಹುಪಾಲು ಇನ್ನೊಂದು ಬಗೆ: ಫೈರು ಒ ದೌನ್‌ರೋದೊ ದೆಕಿಮಸು, ‘ಕಡತವನ್ನು ಡೌನ್‌ಲೋಡ್ ಮಾಡಬಹುದು’. ಇಲ್ಲಿ ದೆಕಿರು ಒಂಟಿಯಾಗಿಲ್ಲ, ‘ದೌನ್‌ರೋದೊ ಸುರು’ ಎಂಬ ಜೋಡಿಪದದ ಬಾಲವಾಗಿ ಬಂದಿದೆ. ಇಂಥ ಜೋಡಿಪದಗಳು ಕೆಲಸದ ಭಾಷೆಯವು. ಯಾರಿಗೆ ಯಾವ ವಿದ್ಯೆ ಬರುತ್ತದೆ ಎಂಬುದು ಅಲ್ಲಿ ಮುಖ್ಯವಲ್ಲ, ಯಾವ ಕೆಲಸ ನೆರವೇರುತ್ತದೆ ಎಂಬುದು ಮುಖ್ಯ. ಅದಕ್ಕೇ ‘ಒ’ ಅಲ್ಲಿ ತುಂಬ ಸಲೀಸಾಗಿ ಕೂರುತ್ತದೆ, ‘ಗ’ ಹಾಕಿದರೂ ತಪ್ಪಲ್ಲ. ಆದರೆ ದೆಕಿರು ಒಂಟಿಯಾಗಿ ನಿಂತಾಗ ಈ ಸಡಿಲಿಕೆ ಹೋಗುತ್ತದೆ. ‘ತೆನಿಸು ಒ ದೆಕಿರು’ ಎಂದು ಬರೆಯಬೇಡಿ. ತೆನಿಸು ಗ ದೆಕಿರು, ಅಷ್ಟೇ.

ಪ್ರತ್ಯಯ ಬದಲಾದರೆ ಅರ್ಥವೂ ಬದಲಾಗುವ ಜಾಗ ಒಂದಿದೆ. ‘ದಕೆ’ (ಮಾತ್ರ) ಸೇರಿಸಿ ಈ ಎರಡನ್ನು ಹೋಲಿಸಿ.

ಮಿಗಿಮೆ ದಕೆ ಒ ತ್ಸುಮುರೆರು.
ಮಿಗಿಮೆ ದಕೆ ಗ ತ್ಸುಮುರೆರು.

ಮಿಗಿಮೆ ಬಲಗಣ್ಣು, ತ್ಸುಮುರು ಮುಚ್ಚು. ಮೊದಲನೆಯದು ‘ಬಲಗಣ್ಣನ್ನು ಮಾತ್ರ ಮುಚ್ಚಬಲ್ಲ’, ಅಂದರೆ ಕಣ್ಣು ಹೊಡೆಯುವ ಕಲೆ ಗೊತ್ತಿದೆ. ಎರಡನೆಯದು ‘ಮುಚ್ಚಲು ಆಗುವುದು ಬಲಗಣ್ಣು ಮಾತ್ರ’, ಅಂದರೆ ಎಡಗಣ್ಣು ಮುಚ್ಚುವುದೇ ಇಲ್ಲ. ಮೊದಲನೆಯವನನ್ನು ಕಂಡು ನಗಬಹುದು, ಎರಡನೆಯವನನ್ನು ಕಣ್ಣಿನ ವೈದ್ಯರ ಬಳಿ ಕರೆದೊಯ್ಯಬೇಕು.

ಬದಲಾಗುವುದು ಕರ್ಮದ ‘ಒ’ ಮಾತ್ರ ಎಂಬುದನ್ನು ಮರೆಯಬೇಡಿ. ಬಸು ನಿ ನೊರು (ಬಸ್ಸಿಗೆ ಹತ್ತು) ‘ಬಸು ನಿ ನೊರೆರು’ ಆಗುತ್ತದೆ, ‘ನಿ’ ಹಾಗೇ ಇರುತ್ತದೆ. ತೊಮೊದಚಿ ನಿ ಅಎರು (ಗೆಳೆಯರನ್ನು ಭೇಟಿಯಾಗಬಲ್ಲೆ) ಕೂಡ ಹಾಗೇ. ಕನ್ನಡದಲ್ಲಿ ‘ಗೆಳೆಯರನ್ನು’ ಇದೆಯೆಂದು ಅಲ್ಲಿ ‘ಗ’ ಹಾಕಿದರೆ ಯಾರು ಯಾರನ್ನು ಕಂಡರು ಎಂಬುದೇ ಉಲ್ಟಾ ಆದೀತು. ಹಶಿ ಒ ವತರು (ಸೇತುವೆ ದಾಟು), ಇಎ ಒ ದೆರು (ಮನೆ ಬಿಟ್ಟು ಹೊರಡು) ಇವುಗಳ ‘ಒ’ ಸಾಗುವ ದಾರಿಯನ್ನೋ ಬಿಡುವ ಜಾಗವನ್ನೋ ಹೇಳುತ್ತದೆ, ಕರ್ಮವನ್ನಲ್ಲ. ಅಲ್ಲಿ ‘ಒ’ ಉಳಿಸಿಕೊಳ್ಳುವುದೇ ಸುರಕ್ಷಿತ. ಇನ್ನು ‘ವ’ ಅಥವಾ ‘ಮೊ’ (ಕೂಡ) ಬಂದರೆ ಅವು ‘ಒ’, ‘ಗ’ ಎರಡನ್ನೂ ನುಂಗಿಹಾಕುತ್ತವೆ: ಕಂಜಿ ವ ಯೊಮೆಮಸೆನ್. ನಿಷೇಧದಲ್ಲಿ ಇದೇ ಹೆಚ್ಚು. ಎಷ್ಟೋ ಸಲ ಈ ಜಗಳವೇ ಬಾರದ ಹಾಗೆ ‘ವ’ ನಿಮ್ಮನ್ನು ಕಾಪಾಡುತ್ತದೆ.

ಎರಡನೆಯ ಗುಂಪಿನಲ್ಲಿ ಪ್ರತ್ಯಯಕ್ಕೆ ಇನ್ನೂ ಹೆಚ್ಚಿನ ಕೆಲಸ. ತಬೆರರೆರು ಎಂಬುದು ‘ತಿನ್ನಬಲ್ಲೆ’ ಮಾತ್ರವಲ್ಲ, ‘ತಿನ್ನಲ್ಪಡು’ ಎಂಬ ಕರ್ಮಣಿಯೂ ಹೌದು, ‘ಅವರು ತಿನ್ನುತ್ತಾರೆ’ ಎಂಬ ಗೌರವರೂಪವೂ ಹೌದು. ಒಂದನೆಯ ಗುಂಪಿನಲ್ಲಿ ಯೊಮೆರು ಬಲ್ಲುವಿಕೆಗೆ, ಯೊಮರೆರು ಉಳಿದೆರಡಕ್ಕೆ, ಆದ್ದರಿಂದ ಗೊಂದಲವಿಲ್ಲ. ಎರಡನೆಯದರಲ್ಲಿ ನೀವು ಸುತ್ತ ನೋಡಬೇಕು.

ವತಶಿ ವ ಸಕನ ಗ ತಬೆರರೆರು.
ವತಶಿ ವ ನೆಕೊ ನಿ ಸಕನ ಒ ತಬೆರರೆತ.

ಸಕನ ಮೀನು, ನೆಕೊ ಬೆಕ್ಕು. ಮೊದಲನೆಯದರಲ್ಲಿ ಮೀನಿಗೆ ‘ಗ’ ಬಂದಿದೆ: ‘ನಾನು ಮೀನು ತಿನ್ನಬಲ್ಲೆ’. ಎರಡನೆಯದರಲ್ಲಿ ಮೀನಿಗೆ ‘ಒ’, ಬೆಕ್ಕಿಗೆ ‘ನಿ’. ಇದು ಕರ್ಮಣಿ. ‘ಬೆಕ್ಕು ನನ್ನ ಮೀನು ತಿಂದುಬಿಟ್ಟಿತು’ ಎಂಬ ಗೋಳು. ಬೆಕ್ಕಿನ ‘ನಿ’ ನೋಡಿ ‘ಬೆಕ್ಕಿಗೆ ಮೀನು ತಿನ್ನಲು ಬರುತ್ತೆ’ ಎಂದು ಓದಲು ಕನ್ನಡದ ಮನಸ್ಸು ಹೋಗುತ್ತದೆ, ಆದರೆ ಪಕ್ಕದ ‘ಒ’ ಅದನ್ನು ತಡೆಯುತ್ತದೆ. ‘ನಿ’ ಜೊತೆ ‘ಒ’ ಕಂಡರೆ ಅದು ಬಲ್ಲುವಿಕೆಯಲ್ಲ ಎಂದು ಆಗಲೇ ನೋಡಿದೆವಲ್ಲ.

ಇದು ನಿಮ್ಮ ಕಚೇರಿಯಲ್ಲಿ ಎಲ್ಲಿ ಕೈಕೊಡುತ್ತದೆ ಎಂದು ಹೇಳುತ್ತೇನೆ. ಟೋಕಿಯೊದಿಂದ ಹಿರಿಯರೊಬ್ಬರು ಬರುತ್ತಿದ್ದಾರೆ, ಊಟಕ್ಕೆ ಖಾರ ಆಗಬಹುದೇ, ಇಂಗ್ಲಿಷಿನಲ್ಲಿ ಮಾತಾಡುತ್ತಾರೆಯೇ, ನಾಳೆ ಕಚೇರಿಗೆ ಬರುತ್ತಾರೆಯೇ ಎಂದು ಮೇಲ್‌ನಲ್ಲಿ ಕೇಳಬೇಕು. ಮೊದಲು ಇಂಗ್ಲಿಷ್ ಪ್ರಶ್ನೆ. ಕಲಿತ ಪಾಠದ ಪ್ರಕಾರ ‘ಏಗೊ ಗ ಹನಸೆಮಸು ಕ’ ಎನ್ನಬೇಕು. ಹನಸು, ಹನಸನೈ, ಒಂದನೆಯ ಗುಂಪು, ಹನಸೆರು, ಹನಸೆಮಸು. ರೂಪ ಸರಿ, ಪ್ರತ್ಯಯವೂ ಸರಿ, ಆದರೂ ಹಿರಿಯರಿಗೆ ಹೀಗೆ ಕೇಳಬಾರದು. ‘ನಿಮಗೆ ಇಂಗ್ಲಿಷ್ ಬರುತ್ತಾ?’ ಎಂದು ಅತಿಥಿಯ ಸಾಮರ್ಥ್ಯವನ್ನು ಅಳೆದ ಹಾಗಾಗುತ್ತದೆ, ನಮ್ಮಲ್ಲೂ ಅದು ಒರಟೇ. ಬದಲಿಗೆ ಗೌರವರೂಪ ಬಳಸಿ: ಏಗೊ ಒ ಹನಸರೆಮಸು ಕ, ‘ಇಂಗ್ಲಿಷ್ ಮಾತಾಡುತ್ತೀರಾ?’ ಗಮನಿಸಿ, ಇಲ್ಲಿ ಕ್ರಿಯೆ ಮತ್ತೆ ಕ್ರಿಯೆಯಾಗಿಯೇ ಇದೆ, ಆದ್ದರಿಂದ ‘ಒ’ ಮರಳಿತು.

ಖಾರದ ಪ್ರಶ್ನೆಯಲ್ಲಿ ತಬೆರು ಎರಡನೆಯ ಗುಂಪು, ರೂಪ ಒಂದೇ. ‘ಕರೈ ಮೊನೊ ಗ ತಬೆರರೆಮಸು ಕ’ ಎಂದರೆ ‘ಖಾರ ತಿನ್ನಲು ಆಗುತ್ತಾ?’ ಎಂಬ ಸಾಮರ್ಥ್ಯದ ಪ್ರಶ್ನೆ. ‘ಕರೈ ಮೊನೊ ಒ ತಬೆರರೆಮಸು ಕ’ ಎಂದರೆ ಗೌರವದ ಕಡೆಗೆ ವಾಲುತ್ತದೆ, ‘ಖಾರ ತಿನ್ನುತ್ತೀರಾ?’ ಆದರೆ ‘ಒ’ ಬಲ್ಲುವಿಕೆಗೂ ಬರುತ್ತದೆಯಾದ್ದರಿಂದ ಪೂರ್ತಿ ನಂಬುವ ಹಾಗಿಲ್ಲ. ಆಹಾರದ ವಿಷಯದಲ್ಲಿ ಸಾಮರ್ಥ್ಯದ ವಾಸನೆಯೇ ಬೇಡವೆಂದರೆ ಕರೈ ಮೊನೊ ವ ದೈಜೋಬು ದೆಶೋ ಕ, ‘ಖಾರ ಪರವಾಗಿಲ್ಲವೇ?’ ಎಂದು ಕೇಳಿ ಬಿಡಿ.

ನಾಳೆ ಬರುವ ಪ್ರಶ್ನೆಗೆ ‘ಅಶಿತ ಕೊರರೆಮಸು ಕ’ ಎಂದರೆ ‘ನಾಳೆ ಬರಲು ಆಗುತ್ತಾ’ ಎಂದೂ ಆಯಿತು, ‘ನಾಳೆ ಬರುತ್ತೀರಾ’ ಎಂಬ ಗೌರವವೂ ಆಯಿತು. ಕುರು ಪದಕ್ಕೆ ಕರ್ಮವೇ ಇಲ್ಲ, ಹಾಗಾಗಿ ಬಿಡಿಸಿ ಹೇಳಲು ‘ಗ’ವೂ ಇಲ್ಲ, ‘ಒ’ವೂ ಇಲ್ಲ. ಅಲ್ಲಿ ಇರಶ್ಶೈಮಸು ಕ ಎಂದು ಬರೆಯಿರಿ. ಅದು ಗೌರವದ್ದೇ ಪದ, ಬಲ್ಲುವಿಕೆಯ ಅರ್ಥ ಅದಕ್ಕಿಲ್ಲ.